ಪದ ಗೊತ್ತು, ಹೊತ್ತು ಗೊತ್ತಿಲ್ಲ: ಕನ್ನಡ ಹಾಡಿಗೆ ಸಬ್‌ಟೈಟಲ್ ಕೂರಿಸುವ ಕೆಲಸ

(ಹಾಡು, ನಾಟಕಗಳ ವಿಡಿಯೋ ಮಾಡುವವರಿಗಾಗಿ ಶಿವಮೊಗ್ಗದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಕೆಲವು ಸಾಲುಗಳನ್ನು ಇಲ್ಲಿ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಒಂದೇ ಕೆಲಸದ ಬಗ್ಗೆ. ನಿಮ್ಮ ಹತ್ತಿರ ಹಾಡಿನ ರೆಕಾರ್ಡಿಂಗ್ ಇದೆ. ಹಾಡಿನ ಸಾಹಿತ್ಯವೂ ಇದೆ. ಯಾವ ಸಾಲು ಯಾವ ಕ್ಷಣಕ್ಕೆ ಶುರುವಾಗುತ್ತದೆ ಅನ್ನುವುದು ಮಾತ್ರ ಗೊತ್ತಿಲ್ಲ. ಅದನ್ನು ಕಂಪ್ಯೂಟರ್‌ನಿಂದ ಹುಡುಕಿಸುವುದು ಹೇಗೆ? ಹುಡುಕಿದ್ದು ಸರಿ ಇದೆಯಾ ಅಂತ ತಿಳಿಯುವುದು ಹೇಗೆ? ನನ್ನ ಅನುಭವದಲ್ಲಿ ಎರಡನೇ ಪ್ರಶ್ನೆಯೇ ದೊಡ್ಡದು. ಹಾಗಾಗಿ ಜಾಸ್ತಿ ಹೊತ್ತು ಅದಕ್ಕೇ ಕೊಡುತ್ತೇನೆ.

ಕೈಯಿಂದ ಮಾಡುವ ದಾರಿ ನಿಮಗೆಲ್ಲ ಗೊತ್ತೇ ಇದೆ. ಹಾಡು ಕೇಳುತ್ತಾ ಪ್ರತಿ ಸಾಲಿಗೂ ಒಂದು ಕೀ ಒತ್ತುವುದು. ಕಷ್ಟ ಏನಂದರೆ ಕಿವಿಗೆ ಬಿದ್ದ ಮೇಲೆ ಬೆರಳು ಒತ್ತುವುದಕ್ಕೆ ಸ್ವಲ್ಪ ಹೊತ್ತು ಬೇಕು. ಆ ತಡ ಪ್ರತಿ ಸಾಲಿಗೂ ಒಂದೇ ಸಮ ಇರುವುದಿಲ್ಲ. ಗೊತ್ತಿರುವ ಸಾಲಿಗೆ ಮೊದಲೇ ಒತ್ತುತ್ತೇವೆ, ಗೊತ್ತಿಲ್ಲದ ಸಾಲಿಗೆ ತಡವಾಗಿ ಒತ್ತುತ್ತೇವೆ. ಆಮೇಲೆ ಕೂತು ಒಂದೊಂದೇ ಸಾಲನ್ನು ಎಳೆದಾಡಬೇಕು.

ಇದಕ್ಕೆ ಬೇರೆ ದಾರಿ ಇದೆ. ಅದನ್ನು ಫೋರ್ಸ್ಡ್ ಅಲೈನ್‌ಮೆಂಟ್ ಅನ್ನುತ್ತಾರೆ. ಮಾತನ್ನು ಕೇಳಿ ಬರೆಯುವ ತಂತ್ರಾಂಶಕ್ಕಿಂತ ಇದರ ಕೆಲಸ ಸುಲಭ. ಏನು ಹಾಡಿದ್ದಾರೆ ಅಂತ ಇದು ಊಹಿಸಬೇಕಾಗಿಲ್ಲ, ಅದನ್ನು ನಾವೇ ಕೊಟ್ಟಿರುತ್ತೇವೆ. ಎಲ್ಲಿ ಹಾಡಿದ್ದಾರೆ ಅಂತ ಮಾತ್ರ ಹೇಳಿದರೆ ಸಾಕು. ಶಿವಮೊಗ್ಗದಿಂದ ಸಾಗರಕ್ಕೆ ಬಸ್ಸಿನಲ್ಲಿ ಹೋಗುವಾಗ ಆಯನೂರು, ಕುಂಸಿ, ಆನಂದಪುರ ಯಾವ ಕ್ರಮದಲ್ಲಿ ಬರುತ್ತವೆ ಅಂತ ನಮಗೆ ಗೊತ್ತಿರುತ್ತದೆ. ಮಳೆ ಹೊಡೆದು ಕಿಟಕಿ ಮಬ್ಬಾಗಿದ್ದರೂ, ಬೋರ್ಡು ಪೂರ್ತಿ ಕಾಣದಿದ್ದರೂ, ಈಗ ಎಲ್ಲಿದ್ದೇವೆ ಅಂತ ಹೇಳಬಹುದು ಅಲ್ವಾ? ಕ್ರಮ ಗೊತ್ತಿರುವುದರಿಂದ ಚೂರುಪಾರು ಗುರುತು ಸಿಕ್ಕರೂ ಸಾಕು. ಕನ್ನಡವನ್ನು ಅಷ್ಟೇನೂ ಚೆನ್ನಾಗಿ ಬರೆಯಲಾರದ ಮಾದರಿ, ಅಂದರೆ ಧ್ವನಿ ಕೇಳಿ ಅಕ್ಷರ ಗುರುತಿಸಲು ಕಲಿಸಿದ ತಂತ್ರಾಂಶ, ಕೂಡ ಗೊತ್ತಿರುವ ಕನ್ನಡ ಸಾಲನ್ನು ಚೆನ್ನಾಗಿಯೇ ಕೂರಿಸುವುದು ಇದೇ ಕಾರಣಕ್ಕೆ.

ಒಳಗೆ ನಡೆಯುವುದು ಹೀಗೆ. ಧ್ವನಿಯನ್ನು 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸುತ್ತಾರೆ. ಅಂದರೆ ಸೆಕೆಂಡಿಗೆ 50 ಚೂರು. ಮಾದರಿ ಒಂದೊಂದು ಚೂರನ್ನೂ ಕೇಳಿ, ಇದು 'ಮ' ಆಗಿರುವ ಸಾಧ್ಯತೆ ಇಷ್ಟು, 'ಅ' ಆಗಿರುವ ಸಾಧ್ಯತೆ ಇಷ್ಟು, ಯಾವ ಅಕ್ಷರವೂ ಅಲ್ಲದೆ ಖಾಲಿ ಇರುವ ಸಾಧ್ಯತೆ ಇಷ್ಟು ಅಂತ ಅಂಕ ಕೊಡುತ್ತದೆ. ಆಮೇಲೆ ನಮ್ಮ ಸಾಹಿತ್ಯದ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಒಂದು ದಾರಿ ಹಿಡಿಯಬೇಕು. ಪ್ರತಿ ಚೂರಿನಲ್ಲಿ ಇದ್ದಲ್ಲೇ ಇರಬಹುದು, ಇಲ್ಲಾ ಮುಂದಕ್ಕೆ ಹೋಗಬಹುದು. ಹಿಂದಕ್ಕೆ ಬರುವ ಹಾಗಿಲ್ಲ, ಯಾವ ಅಕ್ಷರವನ್ನೂ ಬಿಡುವ ಹಾಗಿಲ್ಲ. ಅಂಥ ದಾರಿಗಳಲ್ಲೆಲ್ಲ ಒಟ್ಟು ಅಂಕ ಅತಿ ಹೆಚ್ಚು ಯಾವುದಕ್ಕೋ ಅದೇ ಉತ್ತರ.

ಈ ಎರಡು ನಿಯಮ ನೆನಪಿಟ್ಟುಕೊಳ್ಳಿ: ಹಿಂದಕ್ಕೆ ಬರುವುದಿಲ್ಲ, ಯಾವುದನ್ನೂ ಬಿಡುವುದಿಲ್ಲ. "ಈ ಸಾಲನ್ನು ಇಲ್ಲಿ ಹಾಡೇ ಇಲ್ಲ" ಅಂತ ಹೇಳುವ ಬಾಯಿ ಇದಕ್ಕಿಲ್ಲ. ಕೊಟ್ಟ ಸಾಲನ್ನು ಎಲ್ಲಾದರೂ ಒಂದು ಕಡೆ ಕೂರಿಸಿಯೇ ತೀರುತ್ತದೆ. ಎಡವಟ್ಟುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ.

ಒಂದು ಹಾಡು

ಉದಾಹರಣೆಗೆ ಒಂದು ಹಾಡು ತಂದಿದ್ದೇನೆ. ತೀರ್ಥಹಳ್ಳಿ ಕಡೆಯ ಒಂದು ಹಾಡಿನ ಗುಂಪಿನವರು ತಾವೇ ಕಟ್ಟಿ ಹಾಡಿದ್ದು. ಒಬ್ಬರು ಹಾಡುತ್ತಾರೆ, ಜೊತೆಗೆ ಹಾರ್ಮೋನಿಯಂ, ತಬಲಾ. ಉದ್ದ 4 ನಿಮಿಷ 10 ಸೆಕೆಂಡ್. ಪಲ್ಲವಿ ಹೀಗಿದೆ:

ಮಳೆಯ ಹನಿಯೊಂದು ಎಲೆಯಂಚ ಸೇರಿತು
ಹೊಳೆಯ ಹಾದಿಯ ತೋರೆಂದು ಕೇಳಿತು

ಆಮೇಲೆ ನಾಲ್ಕು ನಾಲ್ಕು ಸಾಲಿನ ಎರಡು ಚರಣ. ಹಾಳೆಯಲ್ಲಿ ಇರುವುದು ಒಟ್ಟು 10 ಸಾಲು. ಚರಣದ ಕೆಳಗೆ "॥ಮಳೆಯ॥" ಅಂತ ಬರೆದಿದೆ. ಪಲ್ಲವಿಗೆ ವಾಪಸ್ ಬನ್ನಿ ಅಂತ ಅದರ ಅರ್ಥ, ಹಾಡುವವರಿಗೆ ಅಷ್ಟು ಸಾಕು.

ಹಾಡಿದ್ದನ್ನು ಕೂತು ಕೇಳಿದರೆ ಬೇರೆಯೇ ಲೆಕ್ಕ. ಪಲ್ಲವಿಯ ಮೊದಲ ಸಾಲು ಎರಡು ಸಲ, ಎರಡನೇ ಸಾಲು ಎರಡು ಸಲ, ಮತ್ತೆ ಮೊದಲ ಸಾಲು ಒಂದು ಸಲ. ಚರಣದಲ್ಲಿ ಮೊದಲ ಸಾಲು ಎರಡು ಸಲ, ಉಳಿದ ಮೂರು ಒಂದೊಂದು ಸಲ, ಆಮೇಲೆ ಪಲ್ಲವಿಯ ಮೊದಲ ಸಾಲು ಎರಡು ಸಲ. ಎರಡನೇ ಚರಣವೂ ಹಾಗೇ. ಮುಗಿಸುವಾಗ ಪಲ್ಲವಿಯ ಮೊದಲ ಸಾಲು ಒಂದು ಸಲ, ಎರಡನೇ ಸಾಲು ಎರಡು ಸಲ. ಎಲ್ಲಾ ಸೇರಿದರೆ 22 ಸಾಲು. ಹಾಳೆಯ 10 ಸಾಲು ಹಾಡಿನಲ್ಲಿ 22 ಆಗಿದೆ.

ಮೊದಲು ಧ್ವನಿಯ ಕೆಲಸ. ವಿಡಿಯೋದಿಂದ ಧ್ವನಿ ತೆಗೆಯುವುದು, ವಾದ್ಯದಿಂದ ಗಾಯನವನ್ನು ಬೇರ್ಪಡಿಸುವುದು, ಆಮೇಲೆ ಅದನ್ನು ಮಾದರಿಗೆ ಬೇಕಾದ 16,000 ಹರ್ಟ್ಸ್‌ಗೆ, ಒಂದೇ ಚಾನೆಲ್‌ಗೆ ಇಳಿಸುವುದು. ಮೂರು ಸಾಲಿನ ಕೆಲಸ:

```
ffmpeg -i hadu.mp4 -vn -ac 2 -ar 44100 hadu.wav
demucs --two-stems=vocals hadu.wav
ffmpeg -i separated/htdemucs/hadu/vocals.wav -ac 1 -ar 16000 dhwani.wav
```

ಬೇರ್ಪಡಿಸಿದ ಗಾಯನವನ್ನು ಒಮ್ಮೆ ಹೆಡ್‌ಫೋನ್ ಹಾಕಿ ಕೇಳಿ. ನಮ್ಮ ಕಡೆ ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿದ್ದರೆ ಮಳೆಯ ಸದ್ದು ಗಾಯನದ ಜೊತೆ ಒಂದಿಷ್ಟು ಉಳಿದುಕೊಂಡಿರಬಹುದು. ಕಿವಿಗೆ ಅದು ಕಿರಿಕಿರಿಯೇ. ಆದರೆ ಸಾಲು ಕೂರಿಸುವುದಕ್ಕೆ ಅದು ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ಒಂದೇ ಸಮನೆ ಬರುವ ಸದ್ದು ಅಕ್ಷರದ ಹಾಗೆ ಕೇಳಿಸುವುದಿಲ್ಲ. ನಿಜವಾಗಿ ತೊಂದರೆ ಕೊಡುವುದು ಕೋರಸ್, ಅಂದರೆ ಒಬ್ಬರು ಸಾಲು ಮುಗಿಸುವ ಮೊದಲೇ ಇನ್ನೊಬ್ಬರು ಅದೇ ಸಾಲು ಎತ್ತಿಕೊಳ್ಳುವುದು. ಎರಡೂ ಗಾಯನವೇ ಆಗಿರುವುದರಿಂದ ಅವನ್ನು ಬಿಡಿಸುವುದು ಕಷ್ಟ.

ಎರಡು ಪಠ್ಯ

ಈಗ ಪಠ್ಯ. ನನ್ನ ಮಾತಿನಲ್ಲಿ ಒಂದನ್ನೇ ಮನೆಗೆ ತೆಗೆದುಕೊಂಡು ಹೋಗುವುದಾದರೆ ಇದನ್ನು ಒಯ್ಯಿರಿ: ಪಠ್ಯ ಎರಡು ಇರಬೇಕು. ಒಂದು ತೋರಿಸುವ ಪಠ್ಯ, ನೋಡುವವರಿಗೆ ಪರದೆಯ ಮೇಲೆ ಕಾಣುವುದು. ಇನ್ನೊಂದು ಹೊಂದಿಸುವ ಪಠ್ಯ, ಕಂಪ್ಯೂಟರ್‌ಗೆ ಕೊಡುವುದು. ಮೊದಲನೆಯದು ಕವಿ ಬರೆದ ಹಾಗೆ ಇರಲಿ. ಎರಡನೆಯದು ಬಾಯಿಂದ ಬಂದ ಹಾಗೆ ಇರಬೇಕು. ಎರಡರಲ್ಲೂ ಸಾಲಿನ ಸಂಖ್ಯೆ ಒಂದೇ ಇರಬೇಕು, ಆಗ ಒಂದರ ಸಮಯವನ್ನು ಇನ್ನೊಂದಕ್ಕೆ ಹಾಗೇ ದಾಟಿಸಬಹುದು.

```
ಮಳೆಯ ಹನಿಯೊಂದು ಎಲೆಯಂಚ ಸೇರಿತು | maleya haniyondu eleyancha seritu
ಮಳೆಯ ಹನಿಯೊಂದು ಎಲೆಯಂಚ ಸೇರಿತು | maleya haniyondu eleyancha seritu
ಹೊಳೆಯ ಹಾದಿಯ ತೋರೆಂದು ಕೇಳಿತು | holeya haadiya torendu kelitu
```

ಬಲಗಡೆ ರೋಮನ್ ಅಕ್ಷರ ಯಾಕೆ ಅಂತ ಕೇಳುತ್ತೀರಿ. ನಾನು ಬಳಸುವುದು ಪೈಥಾನ್ ಭಾಷೆಯ ಸಾಧನವಾದ ಟಾರ್ಚ್‌ಆಡಿಯೋದಲ್ಲಿ ಸಿಗುವ `MMS_FA` ಅನ್ನುವ ಮಾದರಿ. ಮೆಟಾದವರು 2023ರಲ್ಲಿ ಸಾವಿರಕ್ಕೂ ಹೆಚ್ಚು ಭಾಷೆಗಳನ್ನು ಸೇರಿಸಿ ಮಾಡಿದ ಕೆಲಸದಿಂದ ಬಂದದ್ದು ಅದು. ಅಷ್ಟೂ ಭಾಷೆಗೆ ಒಂದೇ ಅಕ್ಷರಮಾಲೆ ಬೇಕಾದ್ದರಿಂದ ಸಣ್ಣ ರೋಮನ್ ಅಕ್ಷರಗಳನ್ನು ಇಟ್ಟುಕೊಂಡಿದ್ದಾರೆ. ಅಲ್ಲಿ 'ಲ'ಕ್ಕೂ 'ಳ'ಕ್ಕೂ ಒಂದೇ `l`, 'ತ'ಕ್ಕೂ 'ಟ'ಕ್ಕೂ ಒಂದೇ `t`. ಕನ್ನಡ ಬರೆಯುವುದಕ್ಕೆ ಇದು ಸಾಲದು. ಜಾಗ ಹುಡುಕುವುದಕ್ಕೆ ಸಾಕು, ಯಾಕೆಂದರೆ ಆ ಜಾಗದಲ್ಲಿ 'ಳ' ಇದೆ ಅಂತ ತೋರಿಸುವ ಪಠ್ಯಕ್ಕೆ ಗೊತ್ತಿದೆ.

ರೋಮನ್‌ಗೆ ತಿರುಗಿಸುವುದಕ್ಕೆ ಸಿದ್ಧ ಸಾಧನಗಳಿವೆ. ಆದರೂ ಬಂದದ್ದನ್ನು ಒಮ್ಮೆ ಓದಿ ನೋಡಿ. ಮುಖ್ಯವಾಗಿ ಪದದ ಕೊನೆಯ 'ಅ' ಉಳಿದಿದೆಯಾ ನೋಡಬೇಕು. ಹಿಂದಿಯ ಪದ್ಧತಿಯಲ್ಲಿ ಅದು ಬಿದ್ದುಹೋಗುತ್ತದೆ. ಕನ್ನಡದಲ್ಲಿ 'ಮಳೆಯ' ಅನ್ನುವಲ್ಲಿ ಆ 'ಅ' ಪೂರ್ತಿ ಕೇಳಿಸುತ್ತದೆ, ಹಾಡಿನಲ್ಲಂತೂ ಅದನ್ನೇ ಎಳೆದು ಹಾಡಿರುತ್ತಾರೆ.

ಇಲ್ಲೊಂದು ಹಳೆಯ ತೊಡಕೂ ಇದೆ. ನಮ್ಮಲ್ಲಿ ಎಷ್ಟೋ ಹಾಡು, ನಾಟಕಗಳ ಪಠ್ಯ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಆಗಿ ಕೂತಿವೆ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಕೀಲಿಯ ಚಿಹ್ನೆಗಳು. ಮೊದಲು ಅದನ್ನು ಯೂನಿಕೋಡ್‌ಗೆ ತಿರುಗಿಸಿ. ಯೂನಿಕೋಡ್ ಆದಮೇಲೂ 'ಕೊ' ಅನ್ನುವುದರ ಸ್ವರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು, ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಾಗಾಗಿ ಎಲ್ಲವನ್ನೂ `NFC` ರೂಪಕ್ಕೆ ತಂದುಬಿಟ್ಟರೆ ತಲೆನೋವಿಲ್ಲ. ಹಾಗೇ '॥', '(2)', 'ಪ.' ಇಂಥವೆಲ್ಲ ಹೊಂದಿಸುವ ಪಠ್ಯದಲ್ಲಿ ಇರಬಾರದು. ಅಂಕಿಗಳಿದ್ದರೆ ಅಕ್ಷರದಲ್ಲಿ ಬರೆಯಿರಿ. ಬಾಯಲ್ಲಿ ಬರುವುದು 'ಹನ್ನೆರಡು', '12' ಅಲ್ಲ.

ಇನ್ನು ಸಾಹಿತ್ಯದಲ್ಲಿ ಇಲ್ಲದೆ ಹಾಡಿನಲ್ಲಿ ಇರುವುದು. ನಮ್ಮ ಹಾಡಿನ ಶುರುವಿನಲ್ಲಿ ಗಾಯಕಿ ಎಂಟು ಸೆಕೆಂಡ್ 'ಆ...' ಅಂತ ಆಲಾಪ ಮಾಡುತ್ತಾರೆ. ಅದು ಯಾವ ಸಾಲಿಗೂ ಸೇರಿದ್ದಲ್ಲ. ಅಂಥ ಕಡೆ ಈ ಮಾದರಿಯಲ್ಲಿ `*` ಚಿಹ್ನೆ ಇಡಬಹುದು. ಇಲ್ಲಿ ಏನೋ ಇದೆ, ಏನಿದ್ದರೂ ಸರಿ, ಅದನ್ನು ನುಂಗಿಕೋ ಅಂತ ಅದರ ಅರ್ಥ. ಅದನ್ನು ಇಡದಿದ್ದರೆ 'ಮಳೆಯ' ಅನ್ನುವ ಮೊದಲ ಪದವೇ ಆಲಾಪದೊಳಗೆ ಹೋಗಿ ಕೂರುವ ಸಾಧ್ಯತೆ ಇದೆ.

ಕೂರಿಸುವ ಕೆಲಸ ಇಷ್ಟೇ ಇಷ್ಟು:

```
import torch, torchaudio
from torchaudio.pipelines import MMS_FA as b
wav, sr = torchaudio.load("dhwani.wav")
model, tok, align = b.get_model(), b.get_tokenizer(), b.get_aligner()
with torch.inference_mode():
    em, _ = model(wav)
    spans = align(em[0], tok(words))
```

`words` ಅಂದರೆ ಬಲಗಡೆಯ ಪಠ್ಯವನ್ನು ಪದಪದವಾಗಿ ಬಿಡಿಸಿದ ಪಟ್ಟಿ. ವಾಪಸ್ ಬರುವುದು ಪ್ರತಿ ಪದದ ಪ್ರತಿ ಅಕ್ಷರಕ್ಕೂ ಎಷ್ಟನೇ ಚೂರಿನಲ್ಲಿ ಶುರು, ಎಷ್ಟನೆಯದರಲ್ಲಿ ಮುಗಿತಾಯ, ಅಂಕ ಎಷ್ಟು ಅನ್ನುವುದು. ಚೂರಿನ ಸಂಖ್ಯೆಯನ್ನು 0.02ರಿಂದ ಗುಣಿಸಿದರೆ ಹೆಚ್ಚೂಕಮ್ಮಿ ಸೆಕೆಂಡ್ ಸಿಗುತ್ತದೆ. ಕರಾರುವಾಕ್ಕಾಗಿ ಬೇಕಿದ್ದರೆ ಧ್ವನಿಯ ಒಟ್ಟು ಉದ್ದವನ್ನು ಒಟ್ಟು ಚೂರುಗಳಿಂದ ಭಾಗಿಸಿಕೊಳ್ಳಿ. ನಾಲ್ಕು ನಿಮಿಷ ಚಿಲ್ಲರೆಯ ಈ ಹಾಡಿಗೆ 12,500ರಷ್ಟು ಚೂರು ಆಗುತ್ತದೆ. ಸಾಧಾರಣ ಲ್ಯಾಪ್‌ಟಾಪಿಗೂ ಇದು ಭಾರವಲ್ಲ.

ಎಡವಟ್ಟು ಹೇಗೆ ಕಾಣುತ್ತದೆ

ಈಗ ಬೇಕಂತಲೇ ಒಂದು ಪರೀಕ್ಷೆ ಮಾಡೋಣ. 22 ಸಾಲಿನ ಬದಲು ಹಾಳೆಯ 10 ಸಾಲನ್ನೇ ಕೊಡೋಣ. ಆಗ ಮೊದಲ ಸಾಲಿಗೆ ಬಂದದ್ದು ನೋಡಿ:

```
14.2  15.3  ಮಳೆಯ
22.3  23.9  ಹನಿಯೊಂದು
24.1  25.5  ಎಲೆಯಂಚ
25.7  26.8  ಸೇರಿತು
```

ಹಾಡಿನಲ್ಲಿ ಈ ಸಾಲು 14.2ಕ್ಕೆ ಒಮ್ಮೆ, 21ಕ್ಕೆ ಇನ್ನೊಮ್ಮೆ ಬರುತ್ತದೆ. ಪಠ್ಯದಲ್ಲಿ ಇರುವುದು ಒಂದೇ ಸಲ. ಕಂಪ್ಯೂಟರ್ 'ಮಳೆಯ' ಅನ್ನು ಮೊದಲ ಸಲದಿಂದ ತೆಗೆದುಕೊಂಡಿದೆ, ಉಳಿದ ಮೂರು ಪದವನ್ನು ಎರಡನೇ ಸಲದಿಂದ ತೆಗೆದುಕೊಂಡಿದೆ. ಒಂದು ಸಾಲು ಹರಿದು ಎರಡು ಕಡೆ ಬಿದ್ದಿದೆ. ಇದರ ಅಂಕ ನೋಡಿದರೆ ಎಲ್ಲಾ ಪದಕ್ಕೂ ಚೆನ್ನಾಗಿಯೇ ಇದೆ. ಇರಲೇಬೇಕಲ್ಲ, ಆ ಜಾಗದಲ್ಲಿ ಆ ಪದವನ್ನು ನಿಜವಾಗಿ ಹಾಡಿದ್ದಾರೆ. ಅಂಕವನ್ನೇ ನಂಬಿ ಕೂತರೆ ಈ ತಪ್ಪು ಸಿಗುವುದೇ ಇಲ್ಲ. ಸಿಗುವುದು ಒಂದೇ ಸಾಲಿನ ಎರಡು ಪದಗಳ ನಡುವೆ ಇರುವ ಏಳು ಸೆಕೆಂಡಿನ ಬಿರುಕಿನಲ್ಲಿ.

ಇದಕ್ಕೆ ಉಲ್ಟಾ ತಪ್ಪೂ ಇದೆ. ಹಾಡಿದ್ದು ಒಂದು ಸಲ, ಪಠ್ಯದಲ್ಲಿ ಬರೆದದ್ದು ಎರಡು ಸಲ. ಕೊಟ್ಟದ್ದನ್ನು ಬಿಡುವ ಹಾಗಿಲ್ಲವಲ್ಲ, ಆ ಹೆಚ್ಚಿನ ಸಾಲನ್ನು ಎಲ್ಲೋ ತುರುಕಲೇಬೇಕು. ಒಂದು ಅಕ್ಷರಕ್ಕೆ ಕನಿಷ್ಠ ಒಂದು ಚೂರು ಬೇಕು. ನಮ್ಮ ಸಾಲಿಗೆ ರೋಮನ್‌ನಲ್ಲಿ ಮೂವತ್ತರಷ್ಟು ಅಕ್ಷರ. ಹಾಗಾಗಿ ಇಡೀ ಸಾಲು ಅರ್ಧ ಮುಕ್ಕಾಲು ಸೆಕೆಂಡಿನೊಳಗೆ ಹಿಂಡಿಕೊಂಡು ಕೂರುತ್ತದೆ. ಆರು ಸೆಕೆಂಡ್ ಹಾಡುವ ಸಾಲು ಅದು! ಅಂಕವೂ ಪಾತಾಳಕ್ಕೆ ಇಳಿದಿರುತ್ತದೆ.

ಹಾಗಾಗಿ ಎರಡು ಗುರುತು ಇಟ್ಟುಕೊಳ್ಳಿ. ಸಾಲಿನ ನಡುವೆ ದೊಡ್ಡ ಬಿರುಕು ಇದ್ದು ಅಂಕ ಚೆನ್ನಾಗಿದ್ದರೆ, ಪಠ್ಯದಲ್ಲಿ ಏನೋ ಕಮ್ಮಿ ಇದೆ. ಸಾಲು ಹಿಂಡಿಕೊಂಡು ಅಂಕ ಕೆಟ್ಟಿದ್ದರೆ, ಪಠ್ಯದಲ್ಲಿ ಏನೋ ಜಾಸ್ತಿ ಇದೆ. ಇವೆರಡನ್ನೂ ಹಾಡು ಕೇಳುವ ಮೊದಲೇ, ಸುಮ್ನೆ ಅಂಕಿ ನೋಡಿಯೇ ಹಿಡಿಯಬಹುದು. ಅಂಕವನ್ನು ಅದೇ ಹಾಡಿನ ಉಳಿದ ಸಾಲುಗಳ ಜೊತೆ ಹೋಲಿಸಿ. ಮಾತಿಗಿಂತ ಹಾಡಿಗೆ ಅಂಕ ಒಟ್ಟಾರೆ ಕಮ್ಮಿಯೇ ಬರುತ್ತದೆ. ಇಷ್ಟಿದ್ದರೆ ಪಾಸು ಅಂತ ಒಂದು ಗೆರೆ ಎಳೆಯುವುದರಲ್ಲಿ ನನಗೆ ನಂಬಿಕೆ ಇಲ್ಲ.

ಸಮಾಧಾನದ ವಿಷಯ ಏನಂದರೆ ಇಂಥ ತಪ್ಪು ಸಾಮಾನ್ಯವಾಗಿ ಅಲ್ಲಲ್ಲೇ ಉಳಿಯುತ್ತದೆ. ಪಲ್ಲವಿಯಲ್ಲಿ ಕೆಟ್ಟದ್ದು ಚರಣ ಬರುವ ಹೊತ್ತಿಗೆ ಸರಿಹೋಗಿರುತ್ತದೆ, ಯಾಕೆಂದರೆ ಚರಣದ ಪದಗಳು ಬೇರೆ, ಅವುಗಳ ಜಾಗ ಸ್ಪಷ್ಟ. ಪಠ್ಯ ತಿದ್ದಿ ಮತ್ತೊಮ್ಮೆ ಓಡಿಸಿದರಾಯಿತು. ಸಮಯದ ಅಂಕಿಗಳನ್ನು ಕೈಯಿಂದ ತಿದ್ದಲು ಹೋಗಬೇಡಿ. ಪಠ್ಯ ಸರಿಯಾದರೆ ಸಮಯ ತಾನಾಗಿ ಸರಿಯಾಗುತ್ತದೆ.

ಸಾಲು ಮುಗಿಯುವುದು ಯಾವಾಗ

22 ಸಾಲು ಕೊಟ್ಟು ಓಡಿಸಿದೆವು, ಶುರುವಿನ ಸಮಯವೆಲ್ಲ ಚೆನ್ನಾಗಿ ಬಂತು ಅಂದುಕೊಳ್ಳಿ. ಆಗ ಇನ್ನೊಂದು ವಿಚಿತ್ರ ಕಾಣುತ್ತದೆ. ಎರಡನೇ ಸಾಲಿನ ಕೊನೆಯ 'ಕೇಳಿತು' ಪದದಲ್ಲಿ ಗಾಯಕಿ 'ತು' ಅನ್ನು ಎರಡೂವರೆ ಸೆಕೆಂಡ್ ಎಳೆಯುತ್ತಾರೆ. ಕಂಪ್ಯೂಟರ್ ಮಾತ್ರ ಆ 'ಉ' 40 ಮಿಲಿಸೆಕೆಂಡಿಗೇ ಮುಗಿಯಿತು ಅನ್ನುತ್ತದೆ. ಅದನ್ನು ಹಾಗೇ ಇಟ್ಟರೆ ಗಾಯಕಿ ಇನ್ನೂ ಹಾಡುತ್ತಿರುವಾಗಲೇ ಪರದೆಯ ಮೇಲಿನ ಸಾಲು ಮಾಯವಾಗುತ್ತದೆ. ನೋಡುವವರಿಗೆ ಇದು ತುಂಬಾ ಕಿರಿಕಿರಿ.

ಕಾರಣ ಮಾದರಿಯನ್ನು ಕಲಿಸಿದ ರೀತಿಯಲ್ಲಿದೆ. ಈ ಜಾತಿಯ ಮಾದರಿಗಳು ಒಂದು ಅಕ್ಷರ ಬಂತು ಅಂತ ಒಮ್ಮೆ ಗಟ್ಟಿಯಾಗಿ ಹೇಳಿ, ಉಳಿದ ಚೂರುಗಳಿಗೆಲ್ಲ 'ಖಾಲಿ' ಅನ್ನುತ್ತವೆ. ಅಕ್ಷರ ಯಾವುದು ಅಂತ ಹೇಳುವುದಷ್ಟೇ ಅವುಗಳಿಗೆ ಕಲಿಸಿದ್ದು, ಎಷ್ಟು ಹೊತ್ತು ಅಂತ ಯಾರೂ ಕಲಿಸಿಲ್ಲ. ಮಾತಿನಲ್ಲಿ ಸ್ವರ ಗಿಡ್ಡ ಇರುವುದರಿಂದ ಇದು ಗೊತ್ತಾಗುವುದಿಲ್ಲ. ಹಾಡಿನಲ್ಲಿ, ಅದರಲ್ಲೂ ಪದದ ಕೊನೆಗೆ ಸ್ವರ ಇರುವ ಕನ್ನಡದಂಥ ಭಾಷೆಯ ಹಾಡಿನಲ್ಲಿ, ಪ್ರತಿ ಸಾಲಿನ ಕೊನೆಗೂ ಗೊತ್ತಾಗುತ್ತದೆ.

ಹಾಗಾಗಿ ಶುರುವಿನ ಸಮಯವನ್ನು ನಂಬಿ, ಮುಗಿಯುವ ಸಮಯವನ್ನು ನಂಬಬೇಡಿ. ಮುಗಿಯುವುದನ್ನು ಬೇರೆ ರೀತಿ ಕಂಡುಹಿಡಿಯಬೇಕು. ಬೇರ್ಪಡಿಸಿದ ಗಾಯನ ನಮ್ಮ ಹತ್ತಿರ ಇದೆಯಲ್ಲ, ಕೊನೆಯ ಅಕ್ಷರದಿಂದ ಮುಂದೆ ಅದರ ಸದ್ದಿನ ಮಟ್ಟ ಯಾವಾಗ ಬೀಳುತ್ತದೆ ನೋಡಿ. ಅದು ಬೀಳುವ ಹೊತ್ತು, ಇಲ್ಲಾ ಮುಂದಿನ ಸಾಲು ಶುರುವಾಗುವುದಕ್ಕೆ ಸ್ವಲ್ಪ ಮೊದಲು, ಇವೆರಡರಲ್ಲಿ ಯಾವುದು ಬೇಗ ಬರುತ್ತದೋ ಅಲ್ಲಿ ಸಾಲು ಮುಗಿಸಿ. ನಾನು ಮುಂದಿನ ಸಾಲಿಗೆ ಮೊದಲು 80 ಮಿಲಿಸೆಕೆಂಡ್ ಬಿಡುತ್ತೇನೆ. 25 ಫ್ರೇಮಿನ ವಿಡಿಯೋದಲ್ಲಿ ಅದು ಎರಡು ಫ್ರೇಮ್. ಸಾಲು ಬದಲಾಯಿತು ಅಂತ ಕಣ್ಣಿಗೆ ತಿಳಿಯಲು ಅಷ್ಟು ಬಿಡುವು ಬೇಕು, ಮುಖ್ಯವಾಗಿ ಒಂದೇ ಸಾಲು ಎರಡು ಸಲ ಬರುವಾಗ. ಸಭಾಂಗಣದಲ್ಲಿ ರೆಕಾರ್ಡ್ ಆಗಿದ್ದರೆ ಪ್ರತಿಧ್ವನಿ ಉಳಿದುಕೊಂಡು ಸದ್ದು ಬೀಳುವುದು ತಡವಾಗಿ ಕಾಣುತ್ತದೆ. ಅಲ್ಲಿ ಮಟ್ಟವನ್ನು ಸ್ವಲ್ಪ ಮೇಲಕ್ಕೆ ಇಡಬೇಕು.

ಶುರುವನ್ನು ನಾನು 100 ಮಿಲಿಸೆಕೆಂಡ್ ಹಿಂದಕ್ಕೆ ತರುತ್ತೇನೆ. ಸಾಲು ಕಿವಿಗಿಂತ ಒಂದು ಎಳೆ ಮೊದಲು ಕಣ್ಣಿಗೆ ಬಿದ್ದರೆ ಅದು ಹೊತ್ತಿಗೆ ಸರಿಯಾಗಿ ಬಂದ ಹಾಗೆ ಅನ್ನಿಸುತ್ತದೆ. ಅಷ್ಟೇ ತಡವಾದರೆ ಮಾತ್ರ ಗೊತ್ತಾಗಿಬಿಡುತ್ತದೆ. ಜೊತೆಗೆ ಹಾಡುವವರಿಗಾಗಿ ಮಾಡುವುದಾದರೆ ಇದು ಸಾಲದು. ಆಗ ಇಡೀ ಸಾಲನ್ನು ಅರ್ಧ ಸೆಕೆಂಡಿಗೂ ಮೊದಲೇ ತೋರಿಸಿ, ಪದಗಳ ಬಣ್ಣವನ್ನು ಮಾತ್ರ ಕರಾರುವಾಕ್ ಸಮಯಕ್ಕೆ ಬದಲಾಯಿಸಿ.

ಕೊನೆಗೆ ಮೊದಲ ಸಾಲು ಹೀಗೆ ಆಯಿತು:

```
1
00:00:14,100 --> 00:00:20,300
ಮಳೆಯ ಹನಿಯೊಂದು ಎಲೆಯಂಚ ಸೇರಿತು
```

ಕಡತವನ್ನು `UTF-8`ನಲ್ಲಿ ಉಳಿಸಿ. ಪರಿಶೀಲಿಸುವಾಗ ಇಡೀ ಹಾಡನ್ನು ಮೊದಲಿನಿಂದ ನೋಡುತ್ತಾ ಕೂರಬೇಕಿಲ್ಲ. ಸಮಯ ಮತ್ತು ಪಠ್ಯವನ್ನು ಲೇಬಲ್ ಕಡತ ಮಾಡಿ ಆಡಾಸಿಟಿಯಲ್ಲಿ ಗಾಯನದ ಕೆಳಗೆ ತೆರೆಯಿರಿ. ಅಲೆ ಏಳುವ ಜಾಗಕ್ಕೂ ಲೇಬಲ್ ಶುರುವಾಗುವ ಜಾಗಕ್ಕೂ ಹೊಂದಿಕೆ ಇಲ್ಲದಿದ್ದರೆ ಕಣ್ಣಿಗೇ ಕಾಣುತ್ತದೆ. ಅನುಮಾನ ಬಂದ ಸಾಲನ್ನು ಮಾತ್ರ ಕೇಳಿದರೆ ಸಾಕು.

ಒಂದು ವಿಷಯ ಮರೆಯಬಾರದು. ಆಡಾಸಿಟಿಯಲ್ಲಿ ಎಲ್ಲಾ ಸರಿ ಇದ್ದು ವಿಡಿಯೋದಲ್ಲಿ ಮಾತ್ರ ಸಾಲುಗಳು ಆಚೀಚೆ ಆದರೆ ತಪ್ಪು ಹೊಂದಿಕೆಯದಲ್ಲ. ಎಲ್ಲಾ ಸಾಲೂ ಒಂದೇ ಅಳತೆಯಲ್ಲಿ ಮುಂದೆ ಅಥವಾ ಹಿಂದೆ ಇದ್ದರೆ, ವಿಡಿಯೋ ಕಡತದಲ್ಲಿ ಧ್ವನಿ ಶುರುವಾಗುವ ಹೊತ್ತು ಸೊನ್ನೆ ಅಲ್ಲ ಅಂತ ಅರ್ಥ. ಹೀಗೆ ನೋಡಬಹುದು:

```
ffprobe -show_entries stream=codec_type,start_time hadu.mp4
```

ಅಲ್ಲಿ ಧ್ವನಿಗೂ ಚಿತ್ರಕ್ಕೂ ಎಷ್ಟು ವ್ಯತ್ಯಾಸ ಇದೆಯೋ ಅಷ್ಟನ್ನು ಎಲ್ಲಾ ಸಾಲಿಗೂ ಸೇರಿಸಿ. ಅದರ ಬದಲು ಶುರುವಿನಲ್ಲಿ ಸರಿ ಇದ್ದು, ಹೋಗ್ತಾ ಹೋಗ್ತಾ ಅಂತರ ಹೆಚ್ಚಾದರೆ ವೇಗದ ತೊಂದರೆ. 24 ಫ್ರೇಮಿನದನ್ನು 23.976 ಅಂತ ತೆಗೆದುಕೊಂಡರೆ ಗಂಟೆಗೆ 3.6 ಸೆಕೆಂಡ್ ಜಾರುತ್ತದೆ. ನಮ್ಮ ಹಾಡಿನ ಕೊನೆಗೆ ಅದು ಕಾಲು ಸೆಕೆಂಡ್. ಧ್ವನಿಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿದು ಆಮೇಲೆ ಚಿತ್ರಕ್ಕೆ ಜೋಡಿಸಿದಾಗಲೂ ಎರಡು ಯಂತ್ರದ ಗಡಿಯಾರ ಒಂದೇ ಸಮ ಓಡದೆ ಹೀಗಾಗುತ್ತದೆ.

ಸಭೆಯಿಂದ ಬಂದ ಪ್ರಶ್ನೆಗಳು

ನಾಟಕ ಮಾಡಿಸುವ ಒಬ್ಬರು ಕೇಳಿದರು: "ಸರ್, ನಮ್ಮ ಸ್ಕ್ರಿಪ್ಟಿನಲ್ಲಿ 'ಬರುತ್ತೇನೆ' ಅಂತ ಇರುತ್ತೆ, ನಟರು 'ಬರ್ತೀನಿ' ಅಂತಾರೆ. ಆಗ ಏನು ಮಾಡೋದು?"

ಅಷ್ಟು ವ್ಯತ್ಯಾಸಕ್ಕೆ ಏನೂ ಆಗುವುದಿಲ್ಲ. ಬ, ರ, ತ, ನ ಅದೇ ಕ್ರಮದಲ್ಲಿ ಇವೆಯಲ್ಲ, ಜಾಗ ಸಿಗುತ್ತದೆ. ಒಂದೆರಡು ಪದ ಬಿಟ್ಟುಹೋದರೂ ತಡೆದುಕೊಳ್ಳುತ್ತದೆ. ಒಂದು ಇಡೀ ವಾಕ್ಯ ಬಿಟ್ಟರೆ ಅಥವಾ ಸೇರಿಸಿದರೆ ಆಗ ನಾನು ಹೇಳಿದ ಬಿರುಕು, ಹಿಂಡುವಿಕೆ ಕಾಣುತ್ತದೆ. ಉದ್ದದ ನಾಟಕವನ್ನು ಮಾತ್ರ ಒಂದೇ ಸಲಕ್ಕೆ ಕೊಡಬೇಡಿ. ಒಂದು ಗಂಟೆ ಅಂದರೆ 1,80,000 ಚೂರು, ಪಠ್ಯ ಹತ್ತಾರು ಸಾವಿರ ಅಕ್ಷರ, ಕಂಪ್ಯೂಟರಿನ ನೆನಪು ಸಾಲುವುದಿಲ್ಲ. ಪ್ರತಿ ದೃಶ್ಯ ಶುರುವಾಗುವ ಸಮಯವನ್ನು ಕೈಯಿಂದ ಗುರುತು ಮಾಡಿ, ದೃಶ್ಯ ದೃಶ್ಯವಾಗಿ ಕೂರಿಸಿ. ಒಂದು ದೃಶ್ಯದ ತಪ್ಪು ಇನ್ನೊಂದಕ್ಕೆ ದಾಟುವುದಿಲ್ಲ. ಕಥೆ ಓದಿದ ರೆಕಾರ್ಡಿಂಗ್ ಆದರೆ ಇಷ್ಟೆಲ್ಲ ಬೇಕಾಗಿಯೇ ಇಲ್ಲ. `aeneas` ಅನ್ನುವ ಹಳೆಯ ಸಾಧನ ಸಾಕು. ಅದು ಪಠ್ಯವನ್ನು ಯಂತ್ರದ ದನಿಯಲ್ಲಿ ಓದಿಸಿ, ಆ ಓದನ್ನೂ ನಿಮ್ಮ ಓದನ್ನೂ ಪಕ್ಕಪಕ್ಕ ಇಟ್ಟು ಹೊಂದಿಸುತ್ತದೆ. ಹಾಡಿಗೆ ಅದು ಆಗಿಬರುವುದಿಲ್ಲ. ಯಂತ್ರ ಓದುತ್ತದೆ, ನಾವು ಹಾಡಿರುತ್ತೇವೆ, ಎರಡರ ನಡೆಯೇ ಬೇರೆ.

ಸಾಗರದ ಕಡೆಯಿಂದ ಬಂದ ಒಬ್ಬ ಹಿರಿಯರು ಕೇಳಿದ್ದು ಯಕ್ಷಗಾನದ ಬಗ್ಗೆ. "ಪ್ರಸಂಗದ ಪುಸ್ತಕ ಇದೆ, ರಾತ್ರಿಯಿಡೀ ಆಟದ ವಿಡಿಯೋನೂ ಇದೆ. ಇದಕ್ಕೆ ಮಾಡಬಹುದೇನಪ್ಪಾ?"

ಪದ್ಯಗಳಿಗೆ ಮಾಡಬಹುದು. ಭಾಗವತರು ಹಾಡುವ ಪದ್ಯ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಆದರೆ ಒಂದು ಸಾಲನ್ನು ಎಷ್ಟು ಸಲ ಹಾಡುತ್ತಾರೆ ಅನ್ನುವುದು ಆ ರಾತ್ರಿ, ಆ ಕುಣಿತ, ಆ ವೇಷಧಾರಿಯನ್ನು ನೋಡಿಕೊಂಡು ಬದಲಾಗುತ್ತದೆ. ಅರ್ಧ ಸಾಲನ್ನೇ ಹಿಡಿದು ಹಲವು ಸಲ ತಿರುಗಿಸುವುದೂ ಇದೆ. ಹಾಗಾಗಿ ಹೊಂದಿಸುವ ಪಠ್ಯವನ್ನು ಆಟದಿಂದ ಆಟಕ್ಕೆ ಕೇಳಿ ಕೇಳಿಯೇ ಬರೆಯಬೇಕು. ಮದ್ದಳೆಗಿಂತ ಚೆಂಡೆ ಜಾಸ್ತಿ ಕಾಡುತ್ತದೆ. ಅದರ ಪೆಟ್ಟು ಗಾಯನದ ಮೇಲೇ ಬಿದ್ದಿರುತ್ತದೆ, ಬೇರ್ಪಡಿಸಿದರೂ ಒಂದಿಷ್ಟು ಉಳಿಯುತ್ತದೆ. ಚೆಂಡೆ ಜೋರಾಗಿರುವ ಕಡೆಯ ಸಾಲುಗಳನ್ನು ಆಡಾಸಿಟಿಯಲ್ಲಿ ಒಂದೊಂದಾಗಿ ನೋಡಲೇಬೇಕು.

ಅರ್ಥಗಾರಿಕೆಗೆ ಈ ದಾರಿ ಇಲ್ಲ. ಅದು ಪುಸ್ತಕದಲ್ಲಿ ಇಲ್ಲ, ರಂಗದ ಮೇಲೇ ಹುಟ್ಟುವ ಮಾತು. ಗೊತ್ತಿರುವ ಪಠ್ಯವೇ ಇಲ್ಲದ ಮೇಲೆ ಕೂರಿಸುವುದು ಯಾವುದನ್ನು? ಹಾಗಾಗಿ ಪದ್ಯ ಮುಗಿದು ಮಾತು ಶುರುವಾಗುವ ಜಾಗವನ್ನು ಗುರುತು ಮಾಡಿಕೊಂಡು, ಪದ್ಯದ ತುಂಡುಗಳನ್ನು ಮಾತ್ರ ಹೊಂದಿಸಿ. ಅರ್ಥವನ್ನು ಆ ಮಾತು ಚೆನ್ನಾಗಿ ಬಲ್ಲ ಒಬ್ಬರು ಕೂತು ಕೇಳಿ ಬರೆಯಬೇಕು. ಒಮ್ಮೆ ಬರೆದಾಯಿತು ಅಂದರೆ ಅದೂ ಗೊತ್ತಿರುವ ಪಠ್ಯವೇ. ಅಲ್ಲಿಂದ ಮುಂದೆ ಸಮಯ ಹಾಕುವ ಕೆಲಸವನ್ನು ಅವರ ಕೈಯಲ್ಲಿ ಮಾಡಿಸಬೇಡಿ, ಇದೇ ದಾರಿಯಲ್ಲಿ ಕೂರಿಸಿ. ಹಾಡಿಗಿಂತ ಬೇಗ ಮುಗಿಯುತ್ತದೆ, ಮಾತಿನಲ್ಲಿ ಯಾರೂ 'ತು' ಅನ್ನು ಎರಡೂವರೆ ಸೆಕೆಂಡ್ ಎಳೆಯುವುದಿಲ್ಲ.